ಒಂದೇ ಲೆಕ್ಕಕ್ಕೆ 3.0, 7.2: ತೊಗರಿ ಕ್ರಾಸಿನ ಕೈ-ಸ್ಕ್ವೇರ್ ಪರೀಕ್ಷೆ

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಕೃಷಿ ಎಂ.ಎಸ್ಸಿ. ಓದುತ್ತಿದ್ದೇನೆ. ನೆಟೆ ರೋಗ ತಡೆಯುವ ತೊಗರಿ ತಳಿಗೂ ನೆಟೆ ಬೀಳುವ ತಳಿಗೂ ಕ್ರಾಸ್ ಮಾಡಿದ್ದೆ. ಎಫ್1 ಗಿಡಗಳು ಎಲ್ಲವೂ ಉಳಿದವು. ನಾಲ್ಕು ಎಫ್1 ಗಿಡಗಳ ಬೀಜದಿಂದ ತಲಾ 60ರಂತೆ 240 ಎಫ್2 ಗಿಡಗಳನ್ನು ನೆಟೆ ರೋಗಾಣು ತುಂಬಿದ ಸಿಕ್ ಪ್ಲಾಟಿನಲ್ಲಿ ಬೆಳೆಸಿದೆ. ಉಳಿದದ್ದು 162, ಒಣಗಿದ್ದು 78. ಗಿಡವಾರು ಹೇಳಬೇಕೆಂದರೆ 46–14, 44–16, 47–13, 25–35. ಒಂದು ಪ್ರಬಲ ಜೀನಿದ್ದರೆ ಬರಬೇಕಾದ 3:1ಕ್ಕೆ ಕೈ-ಸ್ಕ್ವೇರ್ ಹಾಕಿದರೆ ನನಗೆ 3.0 ಬರುತ್ತದೆ, ಗೆಳತಿಗೆ 7.2 ಬರುತ್ತದೆ. ಯಾರದ್ದು ಸರಿ? 7.2 ಸರಿ ಅಂದ್ರೆ ಇದು ಒಂದೇ ಜೀನಿನ ಕೆಲಸ ಅಲ್ಲ ಅಂತ ಬರೆಯಬೇಕಾ?

ಉತ್ತರ: ನಿಮ್ಮ ಗೆಳತಿಯದ್ದು ಸರಿ. ಆದರೆ ಅದರಿಂದ "ಒಂದೇ ಜೀನ್ ಅಲ್ಲ" ಎಂದು ಬರೆಯಬೇಡಿ. ನಿಮ್ಮ ನಾಲ್ಕು ಸಾಲುಗಳ ಲೆಕ್ಕದಲ್ಲೇ ಬೇರೊಂದು ಕಥೆ ಇದೆ.

ಮೊದಲು 3.0 ಎಲ್ಲಿಂದ ಬಂತು ಅಂತ ನೋಡೋಣ. ನೀವು ಶೇಕಡಾ ಲೆಕ್ಕ ಹಾಕಿದ್ದೀರಿ. 240ರಲ್ಲಿ 162 ಅಂದ್ರೆ ಶೇ 67.5, ಒಣಗಿದ್ದು ಶೇ 32.5. ಬರಬೇಕಿದ್ದದ್ದು 75 ಮತ್ತು 25. ವ್ಯತ್ಯಾಸ 7.5. ಅದನ್ನು ವರ್ಗ ಮಾಡಿದರೆ 56.25. 75ರಿಂದ ಭಾಗಿಸಿದರೆ 0.75, 25ರಿಂದ ಭಾಗಿಸಿದರೆ 2.25. ಕೂಡಿದರೆ 3.0. ಕೂಡುವುದು, ಭಾಗಿಸುವುದು ಎಲ್ಲ ಸರಿಯಾಗಿಯೇ ಇದೆ. ತಪ್ಪಿದ್ದು ಸೂತ್ರಕ್ಕೆ ಕೊಟ್ಟ ಅಂಕಿಯಲ್ಲಿ.

ಕೈ-ಸ್ಕ್ವೇರ್‌ಗೆ ಎಣಿಸಿದ ಗಿಡಗಳನ್ನೇ ಕೊಡಬೇಕು, ಶೇಕಡಾ ಕೊಡಬಾರದು. 3:1ರಂತೆ 240ರಲ್ಲಿ 180 ಉಳಿಯಬೇಕಿತ್ತು, 60 ಒಣಗಬೇಕಿತ್ತು. ಎರಡೂ ಕಡೆ ವ್ಯತ್ಯಾಸ 18. ವರ್ಗ 324.

```
(162-180)²/180 + (78-60)²/60
= 324/180 + 324/60
= 1.8 + 5.4
= 7.2
```

ಇದು ಯಾಕೆ ಇಷ್ಟು ಮುಖ್ಯ? ಶೇಕಡಾ ಹಾಕಿದ ಕೂಡಲೇ ನೀವು 240 ಗಿಡಗಳನ್ನು 100 ಗಿಡ ಮಾಡಿಬಿಟ್ಟಿರಿ. 7.2ನ್ನು 2.4ರಿಂದ ಭಾಗಿಸಿ ನೋಡಿ, ಸರಿಯಾಗಿ 3.0 ಬರುತ್ತದೆ. ಪ್ರಮಾಣ ಅದೇ ಇದ್ದರೂ ಗಿಡ ಹೆಚ್ಚಿದಷ್ಟೂ ಕೈ-ಸ್ಕ್ವೇರ್ ಹೆಚ್ಚುತ್ತದೆ, ಹೆಚ್ಚಲೇಬೇಕು. 8 ಗಿಡದಲ್ಲಿ 5 ಉಳಿದು 3 ಒಣಗಿದರೆ ಅದು 3:1ರ ಆಸುಪಾಸೇ, ಯಾರೂ ತಲೆ ಕೆಡಿಸಿಕೊಳ್ಳಲ್ಲ. ಅದೇ 800 ಗಿಡದಲ್ಲಿ 500 ಉಳಿದು 300 ಒಣಗಿದರೆ ಏನೋ ಇದೆ ಅಂತ ಅರ್ಥ. ಪರೀಕ್ಷೆ ಗುರುತಿಸಬೇಕಾದದ್ದು ಈ ವ್ಯತ್ಯಾಸವನ್ನೇ. ಶೇಕಡಾ ಹಾಕಿದರೆ ಎರಡೂ ಒಂದೇ ಆಗಿ ಕಾಣುತ್ತವೆ. ಗಿಡ 100ಕ್ಕಿಂತ ಜಾಸ್ತಿ ಇದ್ದರೆ ಶೇಕಡಾ ಲೆಕ್ಕ ತಪ್ಪನ್ನು ಮುಚ್ಚುತ್ತದೆ. ಕಡಿಮೆ ಇದ್ದರೆ ಇಲ್ಲದ ತಪ್ಪನ್ನು ತೋರಿಸುತ್ತದೆ.

ಈಗ 7.2 ದೊಡ್ಡದಾ, ಚಿಕ್ಕದಾ? ನಿಮ್ಮಲ್ಲಿ ಎರಡು ಗುಂಪು: ಉಳಿದದ್ದು, ಒಣಗಿದ್ದು. ಒಟ್ಟು 240 ಎಂದು ಗೊತ್ತಿರುವುದರಿಂದ ಒಂದು ಗುಂಪಿನ ಎಣಿಕೆ ಗೊತ್ತಾದರೆ ಇನ್ನೊಂದು ತಾನೇ ಗೊತ್ತಾಗುತ್ತದೆ. ಹಾಗಾಗಿ ಡಿಗ್ರಿ ಆಫ್ ಫ್ರೀಡಂ 1. ಇದಕ್ಕೆ ಶೇ 5ರ ಮಟ್ಟದಲ್ಲಿ ಪಟ್ಟಿಯ ಬೆಲೆ 3.841, ಶೇ 1ರ ಮಟ್ಟದಲ್ಲಿ 6.635. 7.2 ಎರಡನ್ನೂ ದಾಟಿದೆ. ಪಟ್ಟಿ ಬೇಡ, ನೇರವಾಗಿ ಪಿ ಬೆಲೆ ಬೇಕು ಅಂದ್ರೆ ಎಕ್ಸೆಲ್‌ನಲ್ಲಿ ಹೀಗೆ ಟೈಪ್ ಮಾಡಿ:

```
=CHISQ.DIST.RT(7.2,1)
```

0.0073 ಬರುತ್ತದೆ. ಅಂದ್ರೆ ನಿಜವಾಗಿ 3:1 ಇದ್ದರೆ, ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ವ್ಯತ್ಯಾಸ ಸುಮ್ನೆ ಅದೃಷ್ಟದಿಂದ ಬರುವುದು ಸಾವಿರಕ್ಕೆ ಏಳು ಸಲ ಮಾತ್ರ. ಇದನ್ನು "3:1 ಸರಿಯಾಗಿರುವ ಸಾಧ್ಯತೆ ಸಾವಿರಕ್ಕೆ ಏಳು" ಅಂತ ಓದಬೇಡಿ. ಮೌಖಿಕ ಪರೀಕ್ಷೆಯಲ್ಲಿ ಬಹಳ ಜನ ಸಿಕ್ಕಿಬೀಳುವುದು ಇಲ್ಲೇ. ಈ ಸಂಖ್ಯೆ 3:1 ನಿಜ ಎಂದು ಮೊದಲೇ ಒಪ್ಪಿಕೊಂಡು ಹಾಕಿದ ಲೆಕ್ಕ.

ಡಿಗ್ರಿ ಆಫ್ ಫ್ರೀಡಂ 1 ಇದ್ದಾಗ ಯೇಟ್ಸ್ ತಿದ್ದುಪಡಿ ಹಾಕಿ ಅಂತ ನಿಮಗೆ ಯಾರಾದರೂ ಹೇಳಬಹುದು. ವ್ಯತ್ಯಾಸದಿಂದ 0.5 ಕಳೆದು ವರ್ಗ ಮಾಡುವುದು ಅಷ್ಟೇ. ಹಾಕಿದರೆ 6.81 ಬರುತ್ತದೆ, ತೀರ್ಮಾನ ಬದಲಾಗಲ್ಲ. 240 ಗಿಡ ಇರುವಾಗ ಅದರ ಅಗತ್ಯ ಇಲ್ಲ. ಅಲ್ಲದೆ ಮುಂದೆ ನಾವು ಸಾಲುವಾರು ಕೈ-ಸ್ಕ್ವೇರ್‌ಗಳನ್ನು ಕೂಡಿ ಕಳೆಯಲಿದ್ದೇವೆ. ತಿದ್ದುಪಡಿ ಹಾಕಿದ ಬೆಲೆಗಳು ಹಾಗೆ ಕೂಡಲು ಬರುವುದಿಲ್ಲ. ಬಿಟ್ಟುಬಿಡಿ.

ಇನ್ನು ಮುಖ್ಯ ವಿಷಯ. 7.2 ಹೇಳಿದ್ದು ಇಷ್ಟೇ: ಈ 240 ಗಿಡಗಳನ್ನು ಒಂದೇ ರಾಶಿ ಅಂತ ತಗೊಂಡರೆ ಅದು 3:1ಕ್ಕೆ ಕೂಡಲ್ಲ. ಯಾಕೆ ಕೂಡಲ್ಲ ಅಂತ ಅದು ಹೇಳಿಲ್ಲ. ಜೀನ್ ಎರಡಿರಬಹುದು. ಗಿಡ ಸತ್ತದ್ದು ನೆಟೆಯಿಂದಲೇ ಅಲ್ಲದಿರಬಹುದು. ಅಥವಾ ನೀವು ಒಂದೇ ರಾಶಿ ಅಂದುಕೊಂಡದ್ದು ಎರಡು ರಾಶಿ ಇರಬಹುದು. ಈ ಮೂರನೆಯದನ್ನು ಮೊದಲು ಪರೀಕ್ಷಿಸಬೇಕು. ಯಾಕಂದ್ರೆ ಅದಕ್ಕೆ ಬೇಕಾದ ಅಂಕಿ ನಿಮ್ಮ ಕೈಯಲ್ಲೇ ಇದೆ. ಬಹಳ ಜನ ಎಫ್2 ಬೀಜವನ್ನೆಲ್ಲ ಒಂದೇ ಚೀಲಕ್ಕೆ ಸುರಿದು ಬಿತ್ತುತ್ತಾರೆ. ನೀವು ಎಫ್1 ಗಿಡವಾರು ಬೇರೆ ಬೇರೆ ಇಟ್ಟಿದ್ದು ಬಹಳ ಒಳ್ಳೆಯ ಕೆಲಸ.

ಪ್ರತಿ ಸಾಲಿನಲ್ಲಿ 60 ಗಿಡ. 3:1ರಂತೆ 45 ಉಳಿಯಬೇಕು, 15 ಒಣಗಬೇಕು. ಮೊದಲ ಸಾಲು 46–14, ವ್ಯತ್ಯಾಸ 1, ಕೈ-ಸ್ಕ್ವೇರ್ 0.089. ಎರಡನೆಯದು 44–16, ಅದಕ್ಕೂ 0.089. ಮೂರನೆಯದು 47–13, ವ್ಯತ್ಯಾಸ 2, ಬೆಲೆ 0.356. ಮೂರೂ 3:1ಕ್ಕೆ ಚೆನ್ನಾಗಿ ಕೂಡುತ್ತವೆ. ನಾಲ್ಕನೆಯದು 25–35. ವ್ಯತ್ಯಾಸ 20, ವರ್ಗ 400. 45ರಿಂದ ಭಾಗಿಸಿದರೆ 8.889, 15ರಿಂದ ಭಾಗಿಸಿದರೆ 26.667. ಕೂಡಿದರೆ 35.556. ಪಟ್ಟಿಯ ಬೆಲೆ 3.841 ಅಂತ ನೆನಪಿಸಿಕೊಳ್ಳಿ.

ಕಣ್ಣಿಗೇ ಕಾಣುತ್ತಿದೆ, ಅಲ್ವಾ? ಆದರೂ ಕಣ್ಣಿನ ಮಾತು ಪ್ರಬಂಧದಲ್ಲಿ ನಡೆಯಲ್ಲ. ಅದನ್ನು ಲೆಕ್ಕದಲ್ಲಿ ಹೇಳುವ ಕ್ರಮಕ್ಕೆ ಹೆಟರೋಜೀನಿಟಿ ಕೈ-ಸ್ಕ್ವೇರ್ ಅನ್ನುತ್ತಾರೆ. ನಾಲ್ಕೂ ಸಾಲಿನ ಬೆಲೆ ಕೂಡಿ: 0.089 + 0.089 + 0.356 + 35.556 = 36.09. ಇದಕ್ಕೆ ಡಿಗ್ರಿ ಆಫ್ ಫ್ರೀಡಂ 4. ಇದರಿಂದ ಒಟ್ಟು ರಾಶಿಯ 7.2ನ್ನು ಕಳೆಯಿರಿ, ಅದರ ಡಿಗ್ರಿ ಆಫ್ ಫ್ರೀಡಂ 1ನ್ನೂ ಕಳೆಯಿರಿ. ಉಳಿದದ್ದು 28.89, ಡಿಗ್ರಿ ಆಫ್ ಫ್ರೀಡಂ 3. ಶೇ 5ರಲ್ಲಿ ಪಟ್ಟಿಯ ಬೆಲೆ 7.815. ಎಷ್ಟೋ ದಾಟಿದೆ.

ಹಾಗಂದ್ರೆ ನಾಲ್ಕು ಸಾಲುಗಳು ಒಂದೇ ರೀತಿ ನಡೆದುಕೊಂಡಿಲ್ಲ, ಅವನ್ನು ಕೂಡಿಸುವಂತೆಯೇ ಇರಲಿಲ್ಲ. ನಿಮ್ಮನ್ನು ಗೊಂದಲಕ್ಕೆ ಹಾಕಿದ 7.2 ಬಂದದ್ದೇ ಒಂದು ಸಾಲಿನಿಂದ. ಮೊದಲ ಮೂರನ್ನು ಮಾತ್ರ ಕೂಡಿದರೆ 137–43. ಬರಬೇಕಿದ್ದದ್ದು 135–45. ಕೈ-ಸ್ಕ್ವೇರ್ 0.119. ಇದಕ್ಕಿಂತ ಹತ್ತಿರ ಕೂಡಬೇಕೆಂದು ಯಾರೂ ಕೇಳಲಾರರು.

ಇಲ್ಲಿ ಒಂದು ಆಸೆ ಹುಟ್ಟುತ್ತದೆ: ನಾಲ್ಕನೇ ಸಾಲು ತೆಗೆದುಬಿಟ್ಟರೆ ಎಲ್ಲ ಚೆಂದ ಆಗುತ್ತದಲ್ಲ ಅಂತ. ದಯವಿಟ್ಟು ಹಾಗೆ ಮಾಡಬೇಡಿ. "3:1ಕ್ಕೆ ಕೂಡಲಿಲ್ಲ, ಅದಕ್ಕೆ ತೆಗೆದೆ, ತೆಗೆದ ಮೇಲೆ 3:1ಕ್ಕೆ ಕೂಡಿತು" ಅನ್ನುವುದು ಪರೀಕ್ಷೆಯೇ ಅಲ್ಲ. ಆ ಸಾಲನ್ನು ಬೇರೆ ಇಡಬೇಕಾದರೆ ಎಣಿಕೆಗೆ ಸಂಬಂಧ ಇಲ್ಲದ ಒಂದು ಕಾರಣ ಸಿಗಬೇಕು. ಹೊಲದಲ್ಲೋ, ನಿಮ್ಮ ನೋಟ್‌ಬುಕ್ಕಿನಲ್ಲೋ, ಬೀಜದ ಪೊಟ್ಟಣದ ಮೇಲೋ ಅದು ಸಿಗಬೇಕು.

ಮೊದಲು ಹೊಲದಲ್ಲಿ ಹುಡುಕಿ. ನಮ್ಮ ಎರೆ ಭೂಮಿಯಲ್ಲಿ ತೊಗರಿ ಸಾಯಲು ನೆಟೆ ಒಂದೇ ಕಾರಣ ಅಲ್ಲ. ಆಗಸ್ಟ್–ಸೆಪ್ಟೆಂಬರ್ ಮಳೆಗೆ ತಗ್ಗಿನಲ್ಲಿ ನೀರು ನಿಂತರೂ ಗಿಡ ಸಾಯುತ್ತದೆ. ಫೈಟಾಫ್ತೊರಾ ಬಂದರೂ ಸಾಯುತ್ತದೆ. ಒಣ ಬೇರು ಕೊಳೆ ಬಂದರೂ ಸಾಯುತ್ತದೆ. ದೂರದಿಂದ ನೋಡಿದರೆ ಎಲ್ಲವೂ ಒಣಗಿದ ಗಿಡವೇ. ನೆಟೆ ಹೌದೋ ಅಲ್ಲವೋ ಅಂತ ಗೊತ್ತಾಗಬೇಕಾದರೆ ಕಾಂಡ ನೋಡಬೇಕು. ಫ್ಯುಸೇರಿಯಂ ಉಡುಂ ಎಂಬ ಶಿಲೀಂಧ್ರ ಬೇರಿನಿಂದ ಹತ್ತಿ ನೀರು ಸಾಗುವ ನಾಳಗಳನ್ನು ಮುಚ್ಚುತ್ತದೆ. ಹಾಗಾಗಿ ಬುಡದಿಂದ ಮೇಲಕ್ಕೆ ಕಾಂಡದ ಒಂದು ಬದಿಯಲ್ಲಿ ಕಂದು ಅಥವಾ ನೇರಳೆ ಬಣ್ಣದ ಪಟ್ಟೆ ಎದ್ದಿರುತ್ತದೆ. ತೊಗಟೆ ಬಿಡಿಸಿ, ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಟ್ಟಿಗೆಯಲ್ಲಿ ಕಪ್ಪು-ಕಂದು ಗೆರೆಗಳು ಕಾಣುತ್ತವೆ. ಫೈಟಾಫ್ತೊರಾ ಆಗಿದ್ದರೆ ನೆಲದ ಮೇಲಿನ ಕಾಂಡದಲ್ಲಿ ಕಂದು ಕಲೆ ಎದ್ದು, ಗಾಳಿಗೆ ಅಲ್ಲೇ ಮುರಿದಿರುತ್ತದೆ. ಒಣ ಬೇರು ಕೊಳೆಯಲ್ಲಿ ಬೇರಿನ ತೊಗಟೆ ಚೂರುಚೂರಾಗಿ ಕಿತ್ತು ಬರುತ್ತದೆ.

ನಾಲ್ಕನೇ ಸಾಲಿನ 35 ಒಣಗಿದ ಗಿಡಗಳ ಕಟ್ಟಿಗೆ ಇನ್ನೂ ಇದ್ದರೆ ಒಂದೊಂದನ್ನೂ ಸೀಳಿ ನೋಡಿ. ಕಿತ್ತು ಒಗೆದಿದ್ದರೆ ಪಕ್ಕದ ಸಾಲುಗಳನ್ನು ನೋಡಿ. ಸಿಕ್ ಪ್ಲಾಟಿನಲ್ಲಿ ನಡುನಡುವೆ ಐಸಿಪಿ 2376ರಂಥ ನೆಟೆಗೆ ಬೀಳುವ ತಳಿಯ ಚೆಕ್ ಸಾಲು ಹಾಕಿರುತ್ತಾರೆ. ನೆಟೆ ತಡೆಯುವ ತಾಯಿ ತಳಿಯ ಸಾಲೂ ಇರಬೇಕು. ನಾಲ್ಕನೇ ಸಾಲಿನ ಹತ್ತಿರ ನೆಟೆ ತಡೆಯುವ ತಳಿಯ ಗಿಡಗಳೂ ಸತ್ತಿದ್ದರೆ ಕೊಲೆಗಾರ ನೆಟೆ ಅಲ್ಲ, ಅಲ್ಲಿ ಬೇರೇನೋ ಇದೆ. ಆಗ ಆ ಸಾಲನ್ನು ಬೇರೆ ಇಡಲು ನಿಮಗೆ ಕಾರಣ ಸಿಕ್ಕಿತು. ಅದನ್ನು ಹಾಗೆಯೇ ಬರೆಯಬಹುದು.

ಉಲ್ಟಾ ತಪ್ಪೂ ಆಗುತ್ತದೆ. ಮಣ್ಣಿನಲ್ಲಿ ರೋಗ ಒಂದೇ ಸಮ ಇಲ್ಲದಿದ್ದರೆ ನೆಟೆಗೆ ಬೀಳಬೇಕಾದ ಗಿಡವೂ ತಪ್ಪಿಸಿಕೊಂಡು ಉಳಿಯುತ್ತದೆ. ಚೆಕ್ ಸಾಲಿನಲ್ಲಿ ನೂರಕ್ಕೆ 95 ಸತ್ತಿದ್ದರೆ, ನಿಮ್ಮ ಎಫ್2ನಲ್ಲೂ ಬೀಳಬೇಕಾದ ಗಿಡಗಳಲ್ಲಿ ಶೇ 5ರಷ್ಟು ಉಳಿದಿರಬಹುದು. ಆದರೆ ಅದು ಉಳಿದ ಗಿಡಗಳ ಸಂಖ್ಯೆಯನ್ನು ಏರಿಸುತ್ತದೆ. ನಿಮ್ಮಲ್ಲಿ ಏರಿದ್ದು ಒಣಗಿದ ಗಿಡಗಳ ಸಂಖ್ಯೆ. ಆದ್ದರಿಂದ ನಿಮ್ಮ ವ್ಯತ್ಯಾಸಕ್ಕೆ ಇದು ಕಾರಣ ಆಗಲಾರದು. ಕೈ-ಸ್ಕ್ವೇರ್‌ನಲ್ಲಿ ವರ್ಗ ಮಾಡಿದ ಮೇಲೆ ವ್ಯತ್ಯಾಸ ಹೆಚ್ಚಾ ಕಡಿಮೆಯಾ ಅನ್ನುವುದು ಅಳಿಸಿಹೋಗುತ್ತದೆ. ಕಾರಣ ಹುಡುಕುವಾಗ ಅದೇ ನಮಗೆ ಬೇಕಾದದ್ದು. ಆದ್ದರಿಂದ ಯಾವಾಗಲೂ ಹಿಂದಿರುಗಿ ಮೂಲ ಎಣಿಕೆ ನೋಡಬೇಕು.

ಹೊಲದಲ್ಲಿ ಏನೂ ಸಿಗಲಿಲ್ಲ ಅಂದುಕೊಳ್ಳಿ. ಒಣಗಿದ ಗಿಡಗಳಲ್ಲೆಲ್ಲ ಒಳಗೆ ಕಪ್ಪು ಗೆರೆ ಇದೆ, ಪಕ್ಕದ ನೆಟೆ ತಡೆಯುವ ಸಾಲು ಚೆನ್ನಾಗಿದೆ. ಆಗ ಅನುಮಾನ ಬೀಜದ ಕಡೆ ತಿರುಗುತ್ತದೆ.

ಕೆಲವರು ಕೂಡಲೇ "ಆ ಎಫ್1 ಗಿಡ ನಿಜವಾದ ಕ್ರಾಸ್ ಅಲ್ಲ, ತಾಯಿಯ ಸ್ವಂತ ಪರಾಗದಿಂದಲೇ ಸೆಲ್ಫ್ ಆಗಿರಬೇಕು" ಅನ್ನುತ್ತಾರೆ. ತೊಗರಿಯಲ್ಲಿ ಇದು ಆಗುವಂಥದ್ದೇ. ಮೊಗ್ಗಿನ ಕೇಸರ ತೆಗೆಯುವುದು ಸ್ವಲ್ಪ ತಡವಾದರೆ ಸಾಕು, ಹೂವು ತೆರೆಯುವ ಮೊದಲೇ ಪರಾಗ ಉದುರಿರುತ್ತದೆ. ಆದರೆ ನಿಮ್ಮ ಅಂಕಿ ಇದನ್ನು ಒಪ್ಪಲ್ಲ. ನೆಟೆಗೆ ಬೀಳುವ ತಾಯಿ ಗಿಡ ಸೆಲ್ಫ್ ಆಗಿದ್ದರೆ ಅದರ ಸಂತಾನ ಬಹುತೇಕ ಎಲ್ಲವೂ ಒಣಗಬೇಕಿತ್ತು. 25 ಗಿಡ ಉಳಿಯುತ್ತಿರಲಿಲ್ಲ. ಅಷ್ಟೇ ಅಲ್ಲ, ಆ ಎಫ್1 ಗಿಡವೇ ಸಿಕ್ ಪ್ಲಾಟಿನಲ್ಲಿ ಉಳಿಯುತ್ತಿರಲಿಲ್ಲ. ನೆಟೆ ತಡೆಯುವ ತಳಿಯೇ ತಾಯಿ ಆಗಿದ್ದರೆ ಸೆಲ್ಫ್ ಆದಾಗ ಎಲ್ಲ ಉಳಿಯಬೇಕಿತ್ತು. ಎರಡೂ ಆಗಿಲ್ಲ.

25–35ನ್ನು 1:1ಕ್ಕೆ ಹಾಕಿ ನೋಡಿ. ಬರಬೇಕಿದ್ದದ್ದು 30–30. ವ್ಯತ್ಯಾಸ 5. 25/30 + 25/30 = 1.67. ಚೆನ್ನಾಗಿ ಕೂಡುತ್ತದೆ. ಒಂದು ಜೀನಿನಲ್ಲಿ 1:1 ಬರುವುದು ಎಲ್ಲಿ? ಎಫ್1ನ್ನು ನೆಟೆಗೆ ಬೀಳುವ ತಳಿಗೆ ಮತ್ತೆ ಕೂಡಿಸಿದಾಗ, ಅಂದ್ರೆ ಬ್ಯಾಕ್‌ಕ್ರಾಸ್ ಮಾಡಿದಾಗ. ಎಂ.ಎಸ್ಸಿ. ಕೆಲಸದಲ್ಲಿ ಸಾಮಾನ್ಯವಾಗಿ ಎಫ್2 ಬೀಜವನ್ನೂ ಬ್ಯಾಕ್‌ಕ್ರಾಸ್ ಬೀಜವನ್ನೂ ಒಂದೇ ಹಂಗಾಮಿನಲ್ಲಿ, ಅವೇ ಎಫ್1 ಗಿಡಗಳ ಮೇಲೆ ಮಾಡಿಕೊಳ್ಳುತ್ತಾರೆ. ಎರಡೂ ಚಿಕ್ಕ ಕಾಗದದ ಪೊಟ್ಟಣ. ಬರೆದದ್ದು ಒಂದೆರಡು ಅಕ್ಷರ. ನೀವೂ ಬ್ಯಾಕ್‌ಕ್ರಾಸ್ ಮಾಡಿದ್ದರೆ ಆ ಪೊಟ್ಟಣ ಈಗ ಎಲ್ಲಿದೆ, ಅದರಲ್ಲಿ ಎಷ್ಟು ಕಾಳು ಇದೆ ಅಂತ ಇವತ್ತೇ ನೋಡಿ. ಕೈಯಿಂದ ಕ್ರಾಸ್ ಮಾಡಿದ ಪೊಟ್ಟಣದಲ್ಲಿ ಬೀಜ ಕಡಿಮೆ ಇರುತ್ತದೆ. "ಬ್ಯಾಕ್‌ಕ್ರಾಸ್" ಅಂತ ಬರೆದ ಪೊಟ್ಟಣದಲ್ಲಿ ಸೇರುಗಟ್ಟಲೆ ಕಾಳು ಇದ್ದರೆ ಅದು ಬ್ಯಾಕ್‌ಕ್ರಾಸ್ ಅಲ್ಲ.

ಆದರೂ 1:1ಕ್ಕೆ ಕೂಡಿತು ಅಂದ ಮಾತ್ರಕ್ಕೆ ಅದೇ ನಿಜ ಅಂತಲ್ಲ. ಅದೇ 25–35ನ್ನು ಎರಡು ಜೀನಿನ ಅನುಪಾತವಾದ 7:9ಕ್ಕೆ ಹಾಕಿ. ಬರಬೇಕಿದ್ದದ್ದು 26.25–33.75. ಕೈ-ಸ್ಕ್ವೇರ್ ಬರೀ 0.11. ಇನ್ನೂ ಚೆನ್ನಾಗಿ ಕೂಡಿತು! ಹಾಗಂತ ಆ ಒಂದು ಎಫ್1 ಗಿಡದಲ್ಲಿ ಮಾತ್ರ ಎರಡು ಜೀನ್ ಬಂದು ಕೂತಿದೆ ಅನ್ನಲು ಆಗುತ್ತದಾ? ಕಡಿಮೆ ಕೈ-ಸ್ಕ್ವೇರ್ ಬಂದ ಅನುಪಾತವೇ ಗೆದ್ದಿತು ಅನ್ನುವುದು ನಾನು ಪ್ರಬಂಧಗಳಲ್ಲಿ ಹೆಚ್ಚಾಗಿ ನೋಡುವ ತಪ್ಪು. ಈ ಪರೀಕ್ಷೆ ಒಂದು ಅನುಪಾತವನ್ನು ತಳ್ಳಿಹಾಕಬಲ್ಲದು. ಯಾವುದನ್ನೂ ಸಾಬೀತು ಮಾಡಲಾರದು.

ಇದೇ ಮಾತು ನಿಮ್ಮ ಚೆನ್ನಾಗಿ ಕೂಡಿದ ಮೂರು ಸಾಲಿಗೂ ಅನ್ವಯಿಸುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ತೊಗರಿಯ ನೆಟೆ ನಿರೋಧಕತೆ ಹೇಗೆ ಇಳಿದು ಬರುತ್ತದೆ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಕೆಲವು ಕ್ರಾಸ್‌ಗಳಲ್ಲಿ ಒಂದು ಪ್ರಬಲ ಜೀನ್ ಅಂತ ಬಂದಿದೆ, ಕೆಲವದರಲ್ಲಿ ಎರಡು ಜೀನ್ ಅಂತ, ಇನ್ನು ಕೆಲವದರಲ್ಲಿ ನಿರೋಧಕತೆಯೇ ದುರ್ಬಲ ಗುಣ ಅಂತ. ಯಾವ ತಳಿಗಳನ್ನು ಕೂಡಿಸಿದ್ದೀರಿ, ಮಣ್ಣಿನಲ್ಲಿ ಯಾವ ಬಗೆಯ ಶಿಲೀಂಧ್ರ ಇದೆ ಅನ್ನುವುದರ ಮೇಲೆ ಬದಲಾಗುತ್ತದೆ. ಹಾಗಾಗಿ 3:1 ಅಂತ ಮೊದಲೇ ಹಿಡಿದು ಕೂರುವಂತಿಲ್ಲ.

137–43ನ್ನು 13:3ಕ್ಕೆ ಹಾಕಿ ನೋಡೋಣ. ಇದು ಎರಡು ಜೀನಿನ ಅನುಪಾತ. ಒಂದು ಜೀನಿನ ಪ್ರಬಲ ರೂಪ ಇದ್ದರೂ ಗಿಡ ಉಳಿಯುತ್ತದೆ, ಇನ್ನೊಂದು ಜೀನಿನ ದುರ್ಬಲ ರೂಪ ಜೋಡಿಯಾಗಿ ಇದ್ದರೂ ಉಳಿಯುತ್ತದೆ. 180 ಗಿಡದಲ್ಲಿ ಬರಬೇಕಾದದ್ದು 146.25–33.75. ವ್ಯತ್ಯಾಸ 9.25, ವರ್ಗ 85.56. 146.25ರಿಂದ ಭಾಗಿಸಿದರೆ 0.585, 33.75ರಿಂದ ಭಾಗಿಸಿದರೆ 2.535. ಕೂಡಿದರೆ 3.12. ಪಟ್ಟಿಯ ಬೆಲೆ 3.841. ತಳ್ಳಿಹಾಕಲು ಆಗಲಿಲ್ಲ!

ಅಂದ್ರೆ ನಿಮ್ಮ 180 ಗಿಡ 3:1 ಮತ್ತು 13:3 ಎರಡಕ್ಕೂ ಕೂಡುತ್ತವೆ. ಒಂದು ಜೀನಾ, ಎರಡು ಜೀನಾ ಅಂತ ಹೇಳುವಷ್ಟು ಗಿಡ ನಿಮ್ಮಲ್ಲಿ ಇಲ್ಲ. ಮೊದಲಿನದಕ್ಕೆ ಶೇ 75 ಉಳಿಯಬೇಕು, ಎರಡನೆಯದಕ್ಕೆ ಶೇ 81.25. ನಡುವೆ ಇರುವ ಅಂತರ ಬರೀ ಆರು ಚಿಲ್ಲರೆ. ಎಣಿಕೆ ಏನೇ ಬರಲಿ, ಶೇ 5ರ ಮಟ್ಟದಲ್ಲಿ ಎರಡರಲ್ಲಿ ಒಂದಾದರೂ ಬಿದ್ದುಹೋಗಲೇಬೇಕು ಅಂದ್ರೆ ಸುಮಾರು 670 ಎಫ್2 ಗಿಡ ಬೇಕು. ಇದು ಬಿತ್ತುವ ಮೊದಲು ಹಾಕಬೇಕಾದ ಲೆಕ್ಕ. ಎರಡು ಜೀನಿನ ಇನ್ನೊಂದು ಅನುಪಾತವಾದ 15:1 ಬರಬಹುದು ಅನ್ನುವ ಅನುಮಾನ ಇದ್ದರೆ ಇನ್ನೊಂದು ಕಡೆ ನೋಡಿಕೊಳ್ಳಿ: 60 ಗಿಡದ ಸಾಲಿನಲ್ಲಿ ಒಣಗಬೇಕಾದದ್ದು ಬರೀ 3.75. ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕೆಳಗಿದ್ದರೆ ಕೈ-ಸ್ಕ್ವೇರ್ ಪಟ್ಟಿಯನ್ನು ನಂಬುವಂತಿಲ್ಲ.

ಬ್ಯಾಕ್‌ಕ್ರಾಸ್ ಇದನ್ನು ಬಿಡಿಸುತ್ತದೆ ಅಂತ ಅನಿಸಬಹುದು. ಈ ಎರಡರ ನಡುವೆ ಅದು ಬಿಡಿಸಲ್ಲ. ನೆಟೆಗೆ ಬೀಳುವ ತಳಿಗೆ ಕೂಡಿಸಿದರೆ ಒಂದು ಜೀನಿದ್ದರೂ 1:1, 13:3ರ ಎರಡು ಜೀನಿದ್ದರೂ 1:1. ನೆಟೆ ತಡೆಯುವ ತಳಿಗೆ ಕೂಡಿಸಿದರೆ ಎರಡರಲ್ಲೂ ಎಲ್ಲ ಉಳಿಯುತ್ತವೆ. ಕಾಗದದ ಮೇಲೆ ಜೀನ್‌ಗಳನ್ನು ಬರೆದು ಒಂದು ಸಲ ನೀವೇ ನೋಡಿ.

ಬಿಡಿಸುವುದು ಎಫ್3. ಉಳಿದ ಎಫ್2 ಗಿಡಗಳ ಬೀಜವನ್ನು ಗಿಡವಾರು ಬೇರೆ ಬೇರೆ ಬಿತ್ತಿ, ಯಾವ ಸಾಲಿನಲ್ಲಿ ಒಂದೂ ಒಣಗಲಿಲ್ಲ, ಯಾವುದರಲ್ಲಿ ಕೆಲವು ಒಣಗಿದವು ಅಂತ ನೋಡುವುದು. ಒಂದು ಜೀನ್ ಆಗಿದ್ದರೆ ಉಳಿದ ಗಿಡಗಳಲ್ಲಿ ಮೂರರಲ್ಲಿ ಒಂದರ ಸಂತಾನ ಪೂರ್ತಿ ಉಳಿಯುತ್ತದೆ, ಎರಡರದ್ದು ಒಡೆಯುತ್ತದೆ, ಅಂದ್ರೆ ಕೆಲವು ಉಳಿದು ಕೆಲವು ಒಣಗುತ್ತವೆ. ಅನುಪಾತ 1:2. ಅದೇ 13:3 ಆಗಿದ್ದರೆ 13ರಲ್ಲಿ 7ರ ಸಂತಾನ ಪೂರ್ತಿ ಉಳಿಯುತ್ತದೆ, 6ರದ್ದು ಒಡೆಯುತ್ತದೆ. ಒಂದು ಕಡೆ ಶೇ 33, ಇನ್ನೊಂದು ಕಡೆ ಶೇ 54. ಆರು ಚಿಲ್ಲರೆ ಇದ್ದ ಅಂತರ ಈಗ ಇಪ್ಪತ್ತು ಚಿಲ್ಲರೆ ಆಯಿತು.

ನಿಮ್ಮ 137 ಗಿಡದಲ್ಲಿ 90 ತಗೊಳ್ಳಿ. ಚೆನ್ನಾಗಿ ಕಂಡದ್ದನ್ನು ಆರಿಸಬೇಡಿ, ಚೀಟಿ ಎತ್ತಿ. ಒಂದು ಜೀನ್ ಆದರೆ 30 ಸಾಲು ಪೂರ್ತಿ ಉಳಿಯಬೇಕು, 60 ಒಡೆಯಬೇಕು. 13:3 ಆದರೆ ಸುಮಾರು 48 ಮತ್ತು 42. ಕೈ-ಸ್ಕ್ವೇರ್ ಮತ್ತೆ ಅದೇ, ಡಿಗ್ರಿ ಆಫ್ ಫ್ರೀಡಂ ಮತ್ತೆ 1. ಈ ಸಲ ಎಣಿಸುವುದು ಗಿಡ ಅಲ್ಲ, ಸಾಲು.

ಒಂದೊಂದು ಸಾಲಿಗೆ ಎಷ್ಟು ಗಿಡ ಹಾಕಬೇಕು ಅನ್ನುವುದರಲ್ಲಿ ಎಚ್ಚರ ಇರಲಿ. ಹತ್ತೇ ಗಿಡ ಹಾಕಿದರೆ, ನಿಜವಾಗಿ 3:1 ಒಡೆಯುವ ಸಾಲಿನಲ್ಲೂ ಒಂದೂ ಒಣಗದೇ ಇರುವ ಸಾಧ್ಯತೆ ಶೇ 5.6 ಇದೆ. ಅಂಥ ಸಾಲನ್ನು ನೀವು "ಪೂರ್ತಿ ಉಳಿದದ್ದು" ಅಂತ ಬರೆದುಬಿಡುತ್ತೀರಿ. 20 ಗಿಡ ಹಾಕಿದರೆ ಅದು ಶೇ 0.3ಕ್ಕೆ ಇಳಿಯುತ್ತದೆ. 13:3 ಒಡೆಯುವ ಸಾಲಿಗೂ ಶೇ 1.6ರ ಒಳಗೇ ಇರುತ್ತದೆ. 90 ಸಾಲಿಗೆ 20ರಂತೆ 1,800 ಗಿಡ. 90 ಸೆಂ.ಮೀ. ಸಾಲು, 20 ಸೆಂ.ಮೀ. ಅಂತರ ಇಟ್ಟರೆ ಚೆಕ್ ಸಾಲು ಸೇರಿಸಿ ನಾಲ್ಕು ಗುಂಟೆ ಸಿಕ್ ಪ್ಲಾಟ್ ಬೇಕಾಗುತ್ತದೆ. ಕೆಲಸ ಜಾಸ್ತಿ ಹೌದು. ಮಾರ್ಗದರ್ಶಕರ ಹತ್ತಿರ ಜಾಗ ಕೇಳುವಾಗ ಈ ಲೆಕ್ಕವನ್ನೇ ತೋರಿಸಿ.

ಇದಕ್ಕೆ ಬೀಜ ಸೆಲ್ಫ್ ಆಗಿರಬೇಕು. ತೊಗರಿ ಹೂವಿಗೆ ಜೇನು ಬರುತ್ತವೆ, ಪಕ್ಕದ ಗಿಡದ ಪರಾಗ ತರುತ್ತವೆ. ಚೀಲ ಕಟ್ಟದ ಕಾಯಿಯಿಂದ ತೆಗೆದ ಬೀಜ ಇಟ್ಟುಕೊಂಡು ಎಫ್3 ಲೆಕ್ಕ ಹಾಕಿದರೆ, ಪೂರ್ತಿ ಉಳಿಯಬೇಕಾದ ಸಾಲು ಯಾವುದು, ಒಡೆಯಬೇಕಾದದ್ದು ಯಾವುದು ಅಂತ ನಂಬಲು ಆಗಲ್ಲ. ಈ ಸಲ ಚೀಲ ಕಟ್ಟಿಲ್ಲದಿದ್ದರೂ ದಾರಿ ಇದೆ. ತೊಗರಿ ಒಂದೇ ವರ್ಷಕ್ಕೆ ಸಾಯುವ ಗಿಡ ಅಲ್ಲ. ಕಾಯಿ ಬಿಡಿಸಿದ ಮೇಲೆ ಬುಡ ಬಿಟ್ಟು ಮೇಲೆ ಸವರಿ, ಸ್ವಲ್ಪ ನೀರು ಕೊಟ್ಟರೆ ಮತ್ತೆ ಚಿಗುರಿ ಹೂ ಬಿಡುತ್ತದೆ. ಮೊಗ್ಗು ತೆರೆಯುವ ಮೊದಲು ತೆಳು ಮಸ್ಲಿನ್ ಚೀಲ ಕಟ್ಟಿ.

ನಾಲ್ಕನೇ ಸಾಲಿನ 25 ಗಿಡಗಳಿಗೂ ಚೀಲ ಕಟ್ಟಿ, ಬಿಡಬೇಡಿ. ಪೊಟ್ಟಣ ಅದಲು-ಬದಲಾಗಿತ್ತು, ಅದು ನಿಜಕ್ಕೂ ಬ್ಯಾಕ್‌ಕ್ರಾಸ್ ಆಗಿತ್ತು ಅನ್ನುವುದಾದರೆ ಆ 25ರಲ್ಲಿ ಒಂದರ ಸಂತಾನವೂ ಪೂರ್ತಿ ಉಳಿಯಬಾರದು. ಎಲ್ಲವೂ ಒಡೆಯಬೇಕು. ಅದು ಎಫ್2 ಆಗಿದ್ದರೆ 25ರಲ್ಲಿ ಎಂಟು ಪೂರ್ತಿ ಉಳಿಯಬೇಕು. ಎಫ್2 ಆಗಿದ್ದೂ 25ಕ್ಕೆ 25 ಒಡೆಯುವುದು ಲಕ್ಷಕ್ಕೆ ನಾಲ್ಕು ಸಲ ಆಗುವ ಮಾತು. ಹಾಗಾಗಿ ಆ ಸಾಲು ಏನು ಅನ್ನುವುದು ಇದರಿಂದ ಬಹುತೇಕ ತೀರ್ಮಾನ ಆಗುತ್ತದೆ. ಎಂಟರ ಆಸುಪಾಸಿನಲ್ಲಿ ಪೂರ್ತಿ ಉಳಿದರೆ ಪೊಟ್ಟಣದ ಕಥೆ ಬಿದ್ದಿತು. ಆಗ ಆ 35 ಗಿಡ ನೆಟೆಯಿಂದಲೇ ಸತ್ತವಾ ಅನ್ನುವ ಪ್ರಶ್ನೆಗೆ ಮತ್ತೆ ಹೋಗಬೇಕು.

ಸದ್ಯಕ್ಕೆ ಪ್ರಬಂಧದಲ್ಲಿ ನಾಲ್ಕೂ ಸಾಲಿನ ಎಣಿಕೆ ಬೇರೆ ಬೇರೆ ಕೊಡಿ. ಒಟ್ಟು 7.2, ಹೆಟರೋಜೀನಿಟಿ 28.89, ಮೂರು ಸಾಲಿನ 0.119, ಅವುಗಳ ಡಿಗ್ರಿ ಆಫ್ ಫ್ರೀಡಂ ಎಲ್ಲ ಬರೆಯಿರಿ. "ಮೂರು ಸಾಲುಗಳು 3:1ಕ್ಕೆ ಹೊಂದುತ್ತವೆ, ಆದರೆ 13:3ನ್ನು ತಳ್ಳಿಹಾಕುವಷ್ಟು ಗಿಡಗಳಿಲ್ಲ, ನಾಲ್ಕನೇ ಸಾಲು ಉಳಿದವುಗಳಿಗಿಂತ ಬೇರೆ, ಕಾರಣ ಎಫ್3ನಲ್ಲಿ ನೋಡಬೇಕಿದೆ" ಅಂತ ಬರೆಯಿರಿ. ಬ್ಯಾಕ್‌ಕ್ರಾಸ್ ಪೊಟ್ಟಣ ಸಿಕ್ಕರೆ ಅದರಲ್ಲಿ ಒಂದು 60 ಬೀಜವನ್ನು ಮುಂದಿನ ಮುಂಗಾರಿಗೆ ಅದೇ ಸಿಕ್ ಪ್ಲಾಟಿನಲ್ಲಿ ಬಿತ್ತಿ. ಅಲ್ಲಿ 45–15ರ ಹತ್ತಿರ ಬಂದರೆ ಅದಲು-ಬದಲಾದದ್ದು ಎಲ್ಲಿ ಅಂತ ಎಫ್3ಗೆ ಮೊದಲೇ ತಿಳಿಯುತ್ತದೆ.